ಒಂದೇ ಕಾಂಪೌಂಡಿನೊಳಗೆ ಕಾಕಂಬಿಯ ರೇಟು

ಸಕ್ಕರೆ ಕಾರ್ಖಾನೆಯ ಹಿಂಬದಿಯಲ್ಲಿ ಒಂದು ದಪ್ಪ ಪೈಪು ಇರುತ್ತದೆ. ಗಿರಗಿರ ತಿರುಗುವ ಸೆಂಟ್ರಿಫ್ಯೂಗಲ್ ಯಂತ್ರದಲ್ಲಿ ಸಕ್ಕರೆಯ ಹರಳು ಒಳಗೆ ಉಳಿದು, ಕಪ್ಪಗಿನ ಅಂಟು ದ್ರವ ಜಾಲರಿ ದಾಟಿ ಹೊರಬೀಳುತ್ತದಲ್ಲ, ಆ ಕಾಕಂಬಿ ತೂಕದ ತೊಟ್ಟಿಯಲ್ಲಿ ತೂಗಿಸಿಕೊಂಡು ಇದೇ ಪೈಪಿನಲ್ಲಿ ಉಕ್ಕಿನ ಟ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಡಿಸ್ಟಿಲರಿಗೆ. ನಡುವೆ ಗೇಟಿಲ್ಲ, ಲಾರಿಯಿಲ್ಲ, ಯಾರ ಕೈಯಿಂದ ಯಾರ ಕೈಗೂ ದುಡ್ಡು ಹೋಗುವುದಿಲ್ಲ. ಆದರೂ ತಿಂಗಳ ಕೊನೆಗೆ ಅಕೌಂಟ್ಸ್ ಕೋಣೆಯಲ್ಲಿ ಒಂದು ವೋಚರು ಬರೆಯುತ್ತಾರೆ: ಡಿಸ್ಟಿಲರಿಯ ಖಾತೆಗೆ ಖರ್ಚು, ಸಕ್ಕರೆಯ ಖಾತೆಗೆ ಜಮಾ, ಇಷ್ಟು ಟನ್ನು, ಟನ್ನಿಗೆ ಇಷ್ಟು ರೂಪಾಯಿ. ಟನ್ನು ಎಷ್ಟೆಂದು ತೂಕದ ತೊಟ್ಟಿ ಹೇಳುತ್ತದೆ. ರೂಪಾಯಿ ಎಷ್ಟೆಂದು ಯಾರು ಹೇಳಬೇಕು?

ನಾನು ಕೃಷ್ಣೆಯ ಸೀಮೆಯ ಒಂದು ಕಾರ್ಖಾನೆಯ ಕಾಸ್ಟಿಂಗ್ ವಿಭಾಗದಲ್ಲಿ ಹಲವು ಹಂಗಾಮು ಕಳೆದವನು. ಅಲ್ಲಿಗೆ ಸೇರಿದ ಹೊಸತರಲ್ಲಿ ತಿಂಗಳ ಮೀಟಿಂಗಿಗೆ ಕೂತಾಗ, ಸಕ್ಕರೆ ವಿಭಾಗದ ಮುಖ್ಯಸ್ಥರು ಡಿಸ್ಟಿಲರಿ ಮ್ಯಾನೇಜರ ಕಡೆ ತಿರುಗಿ, "ಏನ್ರೀ ಸಾಹೇಬ್ರ, ನಮ್ಮ ಕಾಕಂಬಿ ನಿಮಗ ಪುಕ್ಕಟ ಬೇಕೇನು?" ಎಂದದ್ದು ಕೇಳಿ ಬೆರಗಾಗಿದ್ದೆ. ಇವರೂ ಅವರೂ ಸಂಬಳ ತೆಗೆದುಕೊಳ್ಳುವುದು ಒಂದೇ ಕಂಪನಿಯಿಂದ. ಮಧ್ಯಾಹ್ನ ಉಣ್ಣುವುದು ಒಂದೇ ಕ್ಯಾಂಟೀನಿನಲ್ಲಿ. ಮತ್ತೆ ಈ ಜಗಳ ಯಾಕೆ? ಎಡಗೈಯಿಂದ ಬಲಗೈಗೆ ಕೊಟ್ಟದ್ದಕ್ಕೆ ರೇಟು ಯಾತಕ್ಕೆ?

ಆ ರೇಟಿಗೆ ಲೆಕ್ಕಪತ್ರದವರು ಇಟ್ಟ ಹೆಸರು ಟ್ರಾನ್ಸ್‌ಫರ್ ಪ್ರೈಸ್, ವರ್ಗಾವಣೆ ಬೆಲೆ. ಬೆಂಗಳೂರಿನಲ್ಲಿ ಈ ಮಾತು ಕೇಳಿದವರಿಗೆ ಐಟಿ ಕಂಪನಿಗಳು ವಿದೇಶದ ತಮ್ಮದೇ ಅಂಗಸಂಸ್ಥೆಗೆ ಬಿಲ್ಲು ಮಾಡುವ ವಿಷಯ ನೆನಪಾಗಬಹುದು. ಅದು ಎರಡು ದೇಶಗಳ ತೆರಿಗೆ ಇಲಾಖೆಗಳ ನಡುವಿನ ಬೇರೆಯೇ ಕತೆ. ನಾನಿಲ್ಲಿ ಹೇಳುತ್ತಿರುವುದು ಒಂದೇ ಕಂಪನಿಯ, ಒಂದೇ ಗೋಡೆಯೊಳಗಿನ ಎರಡು ವಿಭಾಗಗಳ ವ್ಯವಹಾರ. ಲೆಕ್ಕ ಮಾಡಿ ನೋಡಿದರೇ ಇದು ಅರ್ಥವಾಗುವುದು. ಅದಕ್ಕಾಗಿ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ಆದರೆ ನಿಜಕ್ಕೆ ದೂರ ಒಯ್ದಿಲ್ಲ.

ಹಂಗಾಮಿನಲ್ಲಿ ಈ ಕಾರ್ಖಾನೆ 10 ಲಕ್ಷ ಟನ್ ಕಬ್ಬು ನುರಿಸುತ್ತದೆ. ಟನ್ನಿಗೆ 3,400 ರೂಪಾಯಿಯಂತೆ ಕಬ್ಬಿಗೇ 340 ಕೋಟಿ. ನುರಿಸಿ ಸಕ್ಕರೆ ಮಾಡುವ ಖರ್ಚು 50 ಕೋಟಿ. ಇಳುವರಿ ನೂರಕ್ಕೆ ಹತ್ತು ಎಂದರೆ 1 ಲಕ್ಷ ಟನ್ ಸಕ್ಕರೆ, ಕಿಲೋಗೆ 38 ರೂಪಾಯಿಯಂತೆ 380 ಕೋಟಿ. ಹಾಕಿದ್ದು 390, ಬಂದದ್ದು 380. ಕಾಕಂಬಿಯ ಮಾತೆತ್ತುವ ಮೊದಲು ಸಕ್ಕರೆ ವಿಭಾಗ 10 ಕೋಟಿ ನಷ್ಟದಲ್ಲಿದೆ. ಕಬ್ಬಿನ ಸಿಪ್ಪೆಯೂ ಇದೆ. ಬಾಯ್ಲರಿಗೆ ಹೋಗಿ ಉಗಿಯಾಗಿ, ಕರೆಂಟಾಗಿ ಅದೂ ದುಡಿಯುತ್ತದೆ. ಸದ್ಯಕ್ಕೆ ಸಿಪ್ಪೆಯನ್ನು ಬದಿಗಿಡುತ್ತೇನೆ, ಒಂದು ಪೈಪಿನ ಹಿಂದೆ ಹೋಗುವುದೇ ಸಾಕಷ್ಟಿದೆ.

ಮೂರು ಸಲ ಕುದಿಸಿ, ತೆಗೆಯಬಹುದಾದ ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿಗೆ ಸಿ-ಹೆವಿ ಎನ್ನುತ್ತಾರೆ. ಕಬ್ಬಿನ ನೂರಕ್ಕೆ ನಾಲ್ಕು ಪಾಲು ಹಿಡಿದರೆ ನಮ್ಮ ಕಾರ್ಖಾನೆಗೆ 40,000 ಟನ್. ಒಂದು ಟನ್ ಕಾಕಂಬಿಯಿಂದ 250 ಲೀಟರ್ ಎಥೆನಾಲ್ ಬಂತೆನ್ನಿ, ಒಟ್ಟು 1 ಕೋಟಿ ಲೀಟರ್. ಸಿ-ಹೆವಿಯ ಎಥೆನಾಲಿಗೆ ಕೇಂದ್ರ ಸರ್ಕಾರ 2024-25ರ ಸಾಲಿಗೆ ಗೊತ್ತುಪಡಿಸಿದ ಬೆಲೆ ಲೀಟರಿಗೆ 57 ರೂಪಾಯಿ 97 ಪೈಸೆ. 58 ಎಂದೇ ಇಟ್ಟುಕೊಳ್ಳೋಣ. ತೈಲ ಕಂಪನಿಗಳಿಂದ 58 ಕೋಟಿ ಬರುತ್ತದೆ. ಹುದುಗಿಸಿ, ಭಟ್ಟಿ ಇಳಿಸುವ ಖರ್ಚು ಲೀಟರಿಗೆ 12 ರೂಪಾಯಿ ಎಂದರೆ 12 ಕೋಟಿ. ಕಾಕಂಬಿಯ ಬೆಲೆ ಕಳೆಯುವ ಮುನ್ನ ಡಿಸ್ಟಿಲರಿಯ ಕೈಯಲ್ಲಿ 46 ಕೋಟಿ.

ಈಗ ವೋಚರಿನ ಖಾಲಿ ಜಾಗ ತುಂಬೋಣ. ಟನ್ನಿಗೆ 4,000 ಎಂದು ಬರೆದರೆ 16 ಕೋಟಿ ಆ ಖಾತೆಯಿಂದ ಈ ಖಾತೆಗೆ ಬರುತ್ತದೆ. ಸಕ್ಕರೆಗೆ 6 ಕೋಟಿ ಲಾಭ, ಡಿಸ್ಟಿಲರಿಗೆ 30 ಕೋಟಿ. ಟನ್ನಿಗೆ 10,000 ಎಂದು ಬರೆದರೆ 40 ಕೋಟಿ ಬರುತ್ತದೆ. ಆಗ ಸಕ್ಕರೆಗೆ 30 ಕೋಟಿ, ಡಿಸ್ಟಿಲರಿಗೆ 6. ಏನೂ ಬರೆಯದೆ ಬಿಟ್ಟರೆ ಸಕ್ಕರೆಗೆ 10 ಕೋಟಿ ನಷ್ಟ, ಡಿಸ್ಟಿಲರಿಗೆ 46 ಕೋಟಿ ಲಾಭ. ಮೂರು ಸಲವೂ ಕೂಡಿಸಿ ನೋಡಿ: 36 ಕೋಟಿ. ಒಂದು ಹನಿ ಕಾಕಂಬಿ ಹೆಚ್ಚಾಗಲಿಲ್ಲ, ಒಂದು ಲೀಟರ್ ಎಥೆನಾಲ್ ಕಡಿಮೆಯಾಗಲಿಲ್ಲ. ಆದರೂ ಯಾರು ದುಡಿಯುವ ಮಗ, ಯಾರು ಕೂತು ತಿನ್ನುವ ಮಗ ಎಂಬುದು ತಲೆಕೆಳಗಾಯಿತು.

ಇದರಲ್ಲಿ ನನಗೆ ಯಾವಾಗಲೂ ಸೋಜಿಗವೆನಿಸುವುದು ಒಂದೇ. ಕಬ್ಬಿನ ಕನಿಷ್ಠ ಬೆಲೆ ದಿಲ್ಲಿಯಲ್ಲಿ ನಿಗದಿಯಾಗುತ್ತದೆ. ಎಥೆನಾಲಿನ ಬೆಲೆಯೂ ದಿಲ್ಲಿಯಲ್ಲೇ. ಎರಡು ತುದಿಯನ್ನೂ ಬೇರೆಯವರು ಕಟ್ಟಿ ಬಿಗಿದಿದ್ದಾರೆ. ನಡುವಿನ ಈ ಒಂದು ಅಂಕಿ ಮಾತ್ರ ಕಾರ್ಖಾನೆಯವರ ಪೆನ್ನಿನಲ್ಲಿದೆ.

ಒಟ್ಟು ಬದಲಾಗುವುದಿಲ್ಲ ಅಂದಮೇಲೆ ತಲೆ ಕೆಡಿಸಿಕೊಳ್ಳುವುದೇಕೆ ಎಂದು ನಾನೂ ಆಗ ಅಂದುಕೊಂಡಿದ್ದೆ. ಆದರೆ ವಿಭಾಗದ ಲಾಭ ನೋಡಿ ಇನ್ಸೆಂಟಿವ್ ಕೊಡುವ ಪದ್ಧತಿ ಬಂದ ಮೇಲೆ ಮನುಷ್ಯರು ಆ ಅಂಕಿಗೆ ತಕ್ಕಂತೆ ನಡೆಯತೊಡಗುತ್ತಾರೆ. ಆಗ ಒಟ್ಟೂ ಬದಲಾಗುತ್ತದೆ.

ನಮ್ಮ ಕಲ್ಪನೆಯ ಕಾರ್ಖಾನೆಯಲ್ಲಿ ಒಳಗಿನ ರೇಟನ್ನು 10,000ಕ್ಕೆ ಕಟ್ಟಿದ್ದಾರೆ ಎನ್ನಿ. ಪಕ್ಕದ ತಾಲ್ಲೂಕಿನ ಒಂದು ಕಾರ್ಖಾನೆ ತನ್ನ 10,000 ಟನ್ ಕಾಕಂಬಿಯನ್ನು ಸಾಗಾಣಿಕೆ ಸೇರಿ 9,000ಕ್ಕೆ ಕೊಡುತ್ತೇನೆ ಎನ್ನುತ್ತದೆ. ಡಿಸ್ಟಿಲರಿ ಮ್ಯಾನೇಜರ್ ಏನು ಮಾಡಬೇಕು? ತನ್ನ ವಿಭಾಗಕ್ಕೆ 1 ಕೋಟಿ ಉಳಿಯುತ್ತದೆ, ಕೊಂಡೇ ಕೊಳ್ಳುತ್ತಾನೆ. ತಪ್ಪೇನಿಲ್ಲ, ಖರ್ಚು ಇಳಿಸು ಎಂದು ಅವನಿಗೆ ಹೇಳಿದವರು ಕಂಪನಿಯವರೇ. ಇತ್ತ ಸಕ್ಕರೆ ವಿಭಾಗದ ಟ್ಯಾಂಕಿನಲ್ಲಿ ಅಷ್ಟೇ ಕಾಕಂಬಿ ಉಳಿಯಿತು. ಕಾಕಂಬಿಯನ್ನು ಬಯಲಿನಲ್ಲಿ ಒಟ್ಟಿ ಇಡಲಾಗುವುದಿಲ್ಲ, ಟ್ಯಾಂಕು ತುಂಬಿತೆಂದರೆ ನುರಿಸುವುದೇ ನಿಲ್ಲಬೇಕು. ಅವಸರಕ್ಕೆ ಟೆಂಡರ್ ಕರೆದರು, ಗೇಟಿನಲ್ಲಿ 7,800 ಸಿಕ್ಕಿತು. ಡಿಸ್ಟಿಲರಿಯ ಲಾಭ 6 ಕೋಟಿಯಿಂದ 7ಕ್ಕೆ ಏರಿತು. ಸಕ್ಕರೆಯದು 30ರಿಂದ 27 ಕೋಟಿ 80 ಲಕ್ಷಕ್ಕೆ ಇಳಿಯಿತು. ಕೂಡಿಸಿದರೆ 34 ಕೋಟಿ 80 ಲಕ್ಷ. ಒಂದು ಗೇಟಿನಿಂದ ಕಾಕಂಬಿ ಹೊರಗೆ ಹೋಯಿತು, ಅದೇ ಗೇಟಿನಿಂದ ಅಷ್ಟೇ ಕಾಕಂಬಿ ಒಳಗೆ ಬಂತು, ನಡುವೆ 1 ಕೋಟಿ 20 ಲಕ್ಷ ಸೋರಿಹೋಯಿತು. ಇದು ಮಾತ್ರ ಪುಸ್ತಕದ ಅಂಕಿಯಲ್ಲ, ಬ್ಯಾಂಕಿನಿಂದ ಹೋದ ದುಡ್ಡು.

ಹಾಗಾದರೆ ಸರಿಯಾದ ರೇಟು ಯಾವುದು? ಮೇಲಿನ ಲೆಕ್ಕದಲ್ಲೇ ಉತ್ತರವಿದೆ. ಹೊರಗೆ ಮಾರಿದರೆ 7,800 ಸಿಗುವಾಗ ಅದಕ್ಕಿಂತ ಕಡಿಮೆಗೆ ಸಕ್ಕರೆಯವರು ಕೊಡಲಾರರು. ಹೊರಗಿನಿಂದ 9,000ಕ್ಕೆ ಬಾಗಿಲಿಗೇ ಬರುವಾಗ ಅದಕ್ಕಿಂತ ಹೆಚ್ಚಿಗೆ ಡಿಸ್ಟಿಲರಿಯವರು ಕೊಳ್ಳಲಾರರು. ಈ ಎರಡರ ನಡುವೆ ಎಲ್ಲೇ ನಿಂತರೂ ಇಬ್ಬರಿಗೂ ಒಳಗೇ ವ್ಯವಹರಿಸುವುದು ಲಾಭ, ಕಂಪನಿಗೂ ಲಾಭ. 8,400 ಎಂದು ಇಟ್ಟರೆ ಸಕ್ಕರೆಗೆ 23 ಕೋಟಿ 60 ಲಕ್ಷ, ಡಿಸ್ಟಿಲರಿಗೆ 12 ಕೋಟಿ 40 ಲಕ್ಷ. ಅಮೆರಿಕದ ಅರ್ಥಶಾಸ್ತ್ರಜ್ಞ ಜ್ಯಾಕ್ ಹರ್ಶ್‌ಲೈಫರ್ 1956ರಲ್ಲಿ ಇದನ್ನು ಸೂತ್ರಬದ್ಧವಾಗಿ ತೋರಿಸಿಕೊಟ್ಟ: ಹೊರಗೆ ಪೈಪೋಟಿಯ ಮಾರುಕಟ್ಟೆಯಿದ್ದರೆ ಆ ಬೆಲೆಯನ್ನು ಹಿಡಿ, ಮಾರುಕಟ್ಟೆಯೇ ಇಲ್ಲದಿದ್ದರೆ ಆ ಸರಕನ್ನು ಇನ್ನೊಂದಿಷ್ಟು ತಯಾರಿಸಲು ಬೀಳುವ ಹೆಚ್ಚಿನ ಖರ್ಚನ್ನು ಹಿಡಿ. ಎರಡನೆಯ ಮಾತನ್ನು ಕಾಕಂಬಿಗೆ ಹಚ್ಚಿದರೆ ಸಕ್ಕರೆ ವಿಭಾಗದವರು ಸಿಟ್ಟಾಗುತ್ತಾರೆ. ಸಕ್ಕರೆ ಮಾಡುವಾಗ ಕಾಕಂಬಿ ತಾನಾಗಿಯೇ ಬರುತ್ತದೆ, ಅದಕ್ಕೆಂದು ಬೇರೆ ಖರ್ಚಿಲ್ಲ. ಕೊಳ್ಳುವವರು ಯಾರೂ ಇಲ್ಲದ ವರ್ಷ, ಆ ಸೂತ್ರದ ಪ್ರಕಾರ ಅದರ ರೇಟು ಸೊನ್ನೆಯ ಹತ್ತಿರಕ್ಕೆ ಬರುತ್ತದೆ!

ರೇಟು ಸರಿಯಾಗಿದ್ದೂ ಅಳತೆಯಲ್ಲಿ ಎಡವುವುದುಂಟು. ನಮ್ಮಲ್ಲಿ ನಿಜವಾದ ಜಗಳ ನಡೆದದ್ದು ಇದರ ಮೇಲೆ. ಕಾಕಂಬಿಯನ್ನು ತೂಕದ ಮೇಲೆ ವರ್ಗಾಯಿಸುತ್ತಿದ್ದೆವು. ಆದರೆ ಡಿಸ್ಟಿಲರಿಗೆ ಬೇಕಾದದ್ದು ತೂಕವಲ್ಲ, ಅದರಲ್ಲಿ ಉಳಿದ ಹುದುಗುವ ಸಕ್ಕರೆ. ಸಕ್ಕರೆ ವಿಭಾಗದ ಕೆಮಿಸ್ಟ್ ಚುರುಕಾಗಿದ್ದಷ್ಟೂ ಕಾಕಂಬಿಯಿಂದ ಕೊನೆಯ ಹರಳನ್ನೂ ಎಳೆದುಬಿಡುತ್ತಾನೆ, ತೊಳೆಯಲು ಬಳಸಿದ ನೀರು ಹೆಚ್ಚಾದರೆ ಕಾಕಂಬಿ ತೆಳ್ಳಗೂ ಆಗುತ್ತದೆ. ಒಂದು ಹಂಗಾಮಿನಲ್ಲಿ ಡಿಸ್ಟಿಲರಿ ಮ್ಯಾನೇಜರ್ ಲ್ಯಾಬ್ ರಿಪೋರ್ಟು ಹಿಡಿದುಕೊಂಡು ನಮ್ಮ ಕೋಣೆಗೇ ಬಂದರು. "ನೋಡ್ರಿ, ಮೊದಲ 45 ಪರ್ಸೆಂಟ್ ಬರ್ತಿತ್ತು, ಈಗ 42. ರೇಟ್ ಮಾತ್ರ ಅದ. ನೀರಿಗೂ ರೊಕ್ಕಾ ಕೊಡಬೇಕೇನ್ರೀ ನಾನು?" ಲೆಕ್ಕ ಹಾಕಿ ನೋಡಿ. 45ರಲ್ಲಿ 250 ಲೀಟರ್ ಬರುತ್ತಿದ್ದರೆ 42ರಲ್ಲಿ ಸುಮಾರು 233 ಲೀಟರ್. ಟನ್ನಿಗೆ 17 ಲೀಟರ್ ಹೋಯಿತು. ಲೀಟರಿಗೆ ಖರ್ಚು ಕಳೆದು 46 ರೂಪಾಯಿಯಂತೆ, 40,000 ಟನ್ನಿಗೆ 3 ಕೋಟಿಗೂ ಹೆಚ್ಚು. ರೇಟನ್ನು ಮುಟ್ಟದೆಯೇ ಡಿಸ್ಟಿಲರಿಯ ಲಾಭ ಅಷ್ಟು ಇಳಿಯುತ್ತದೆ, ಕಾರಣ ಮಾತ್ರ ಸಕ್ಕರೆ ವಿಭಾಗದಲ್ಲಿರುತ್ತದೆ. ಕೊನೆಗೆ ಟನ್ನಿನ ಬದಲು ಹುದುಗುವ ಸಕ್ಕರೆಯ ಶೇಕಡಾ ಒಂದೊಂದು ಅಂಶಕ್ಕೂ ಇಷ್ಟು ಎಂದು ರೇಟು ಕಟ್ಟಿದೆವು. ಆಮೇಲೆ ಜಗಳ ನಮ್ಮ ಕೋಣೆಯಿಂದ ಲ್ಯಾಬಿಗೆ ಹೋಯಿತು: ಸ್ಯಾಂಪಲ್ ಯಾರು ತೆಗೆಯಬೇಕು, ಟ್ಯಾಂಕಿನ ಮೇಲಿಂದಲೋ ಕೆಳಗಿಂದಲೋ ಎಂದು.

ಮಾರುಕಟ್ಟೆ ಬೆಲೆ ಹಿಡಿ ಎನ್ನುವುದು ಬಾಯಲ್ಲಿ ಹೇಳಲು ಸುಲಭ. ಯಾವ ಮಾರುಕಟ್ಟೆ ಬೆಲೆ? ಕಾಕಂಬಿ ಸಂತೆಯಲ್ಲಿ ಮಾರುವ ಸರಕಲ್ಲ, ಅದನ್ನು ಸಾಗಿಸಲು ಅಬಕಾರಿ ಇಲಾಖೆಯ ಪರ್ಮಿಟ್ ಬೇಕು. ಅದರ ಮೇಲಿನ ಜಿಎಸ್‌ಟಿ 28 ಪರ್ಸೆಂಟ್ ಇತ್ತು, 2023ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಅದನ್ನು 5ಕ್ಕೆ ಇಳಿಸಲು ತೀರ್ಮಾನಿಸಿತು. ಒಂದೇ ಕಾಂಪೌಂಡಿನೊಳಗೆ ಪೈಪಿನಲ್ಲಿ ಹೋದರೆ ಪರ್ಮಿಟ್ಟಿನ ಲಾರಿಯೂ ಬೇಡ, ತೆರಿಗೆಯೂ ಇಲ್ಲ. ಹೀಗೆ ಮಾರುವವನಿಗೆ ಸಿಗುವ ಬೆಲೆಗೂ ಕೊಳ್ಳುವವನು ಕೊಡುವ ಬೆಲೆಗೂ ನಡುವೆ ಒಂದು ಕಂದಕ ಉಳಿದೇ ಉಳಿಯುತ್ತದೆ. ಈ ಕಂದಕದ ಯಾವ ದಡ ಸರಿ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಅಲ್ಲಿಗೆ ಹೋದದ್ದು ಕಾಕಂಬಿಯಲ್ಲ, ಕರೆಂಟು.

ಜಿಂದಾಲ್ ಸ್ಟೀಲ್ ಅಂಡ್ ಪವರ್ ಕಂಪನಿಗೆ ಛತ್ತೀಸ್‌ಗಢದ ರಾಯಗಢದಲ್ಲಿ ಉಕ್ಕಿನ ಕಾರ್ಖಾನೆಯಿದೆ. ವಿದ್ಯುತ್ ಮಂಡಳಿಯ ಕರೆಂಟು ಸಾಲದೆ ಕಂಪನಿ ತನ್ನದೇ ವಿದ್ಯುತ್ ಘಟಕ ಹಾಕಿಕೊಂಡಿತು. ಅದರಲ್ಲಿ ಬಂದ ಕರೆಂಟನ್ನು ತನ್ನ ಉಕ್ಕಿನ ವಿಭಾಗಕ್ಕೆ ಕೊಟ್ಟು, ಮಿಕ್ಕಿದ್ದನ್ನು ಮಂಡಳಿಗೆ ಮಾರಿತು. ಮಂಡಳಿ ಇವರಿಂದ ಕೊಂಡದ್ದು ಯೂನಿಟ್ಟಿಗೆ 2 ರೂಪಾಯಿ 32 ಪೈಸೆಗೆ. ಅದೇ ಮಂಡಳಿ ಕೈಗಾರಿಕೆಗಳಿಗೆ ಮಾರುತ್ತಿದ್ದುದು 3 ರೂಪಾಯಿ 72 ಪೈಸೆಗೆ. ಕಂಪನಿ ತನ್ನ ಉಕ್ಕಿನ ವಿಭಾಗಕ್ಕೆ ಕೊಟ್ಟ ಕರೆಂಟಿಗೆ ಪುಸ್ತಕದಲ್ಲಿ ಬರೆದುಕೊಂಡದ್ದು 3.72.

ಹಾಗೆ ಬರೆದುಕೊಳ್ಳಲು ಕಾರಣವಿತ್ತು. ಆದಾಯ ತೆರಿಗೆ ಕಾಯ್ದೆಯ 80-ಐಎ ಕಲಮಿನ ಕೆಳಗೆ, ವಿದ್ಯುತ್ ಉತ್ಪಾದಿಸುವ ಘಟಕದ ಲಾಭಕ್ಕೆ ಹತ್ತು ವರ್ಷ ತೆರಿಗೆಯಿಂದ ವಿನಾಯಿತಿ. ಉಕ್ಕಿನ ಲಾಭಕ್ಕೆ ಇಲ್ಲ. ಆದ್ದರಿಂದ ಕರೆಂಟಿನ ರೇಟು ಏರಿದಷ್ಟೂ ಲಾಭ ತೆರಿಗೆ ಬೀಳುವ ಜೇಬಿನಿಂದ ತೆರಿಗೆ ಬೀಳದ ಜೇಬಿಗೆ ಜಾರುತ್ತದೆ. 2.32ಕ್ಕೂ 3.72ಕ್ಕೂ ಅಂತರ 1 ರೂಪಾಯಿ 40 ಪೈಸೆ. ಪ್ರತಿ 1 ಕೋಟಿ ಯೂನಿಟ್ಟಿಗೆ 1 ಕೋಟಿ 40 ಲಕ್ಷದ ಲಾಭ ಆಚೆಯಿಂದ ಈಚೆಗೆ ಬರುತ್ತದೆ. ಕಾನೂನು ಮಾಡಿದವರಿಗೂ ಇದು ಗೊತ್ತಿತ್ತು. ಅದಕ್ಕೇ ಅದೇ ಕಲಮಿನ 8ನೇ ಉಪಕಲಮು, ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋದ ಸರಕನ್ನು ಮುಕ್ತ ಮಾರುಕಟ್ಟೆಯಲ್ಲಿ ಸಿಗುವ ಬೆಲೆಗೇ ಲೆಕ್ಕ ಹಿಡಿಯಬೇಕು ಎನ್ನುತ್ತದೆ.

ತೆರಿಗೆ ಅಧಿಕಾರಿ 2001-02ರ ಲೆಕ್ಕ ನೋಡುವಾಗ ಕೇಳಿದ್ದು ನ್ಯಾಯವಾಗಿಯೇ ಕಾಣುತ್ತದೆ: ಹೊರಗಿನವರಿಗೆ 2.32ಕ್ಕೆ ಮಾರುತ್ತಿದ್ದೀರಿ, ನಿಮ್ಮವರಿಗೆ 3.72 ಹಾಕುತ್ತೀರಿ, ಮಾರುಕಟ್ಟೆ ಬೆಲೆ 2.32 ಅಲ್ಲವೇ? ಮೊದಲ ಸಲ ಓದಿದಾಗ ನಾನೂ ಅಧಿಕಾರಿಯ ಪಕ್ಷವೇ ಆಗಿದ್ದೆ. ವಿಷಯ ಮೇಲ್ಮನವಿಗಳನ್ನು ದಾಟಿ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2023ರ ಡಿಸೆಂಬರ್ 6ರಂದು, ನ್ಯಾಯಮೂರ್ತಿಗಳಾದ ಕನ್ನಡತಿ ಬಿ. ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರ ಪೀಠದಲ್ಲಿ. ಅವರು ಕಂಪನಿಯ 3.72 ಅನ್ನೇ ಒಪ್ಪಿದರು. ಮಿಕ್ಕ ಕರೆಂಟನ್ನು ಆಗ ಕಂಪನಿ ಮಂಡಳಿಯನ್ನು ಬಿಟ್ಟು ತನಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಕೊಳ್ಳುವವನು ಒಬ್ಬನೇ ಇದ್ದು, ಚೌಕಾಸಿಗೆ ದಾರಿಯಿಲ್ಲದೆ ಒಪ್ಪಿಕೊಂಡ ಬೆಲೆ ಮುಕ್ತ ಮಾರುಕಟ್ಟೆಯ ಬೆಲೆಯಾಗುವುದು ಹೇಗೆ? ಅದೇ ಉಕ್ಕಿನ ವಿಭಾಗಕ್ಕೆ ಒಳಗಿನ ಕರೆಂಟು ಇಲ್ಲದಿದ್ದರೆ ಮಂಡಳಿಯ ಬಾಗಿಲಿಗೆ ಹೋಗಿ 3.72 ಕೊಟ್ಟೇ ತರಬೇಕಿತ್ತು. ಆದ್ದರಿಂದ ಕೊಳ್ಳುವ ದಡದ ಬೆಲೆಯೇ ಸರಿ ಎಂಬುದು ತೀರ್ಪಿನ ತಿರುಳು.

ಗಮನಿಸಿ, ಇಲ್ಲಿ ಕಂಪನಿಯ ಒಟ್ಟು ಲಾಭ ಎರಡು ರೇಟಿನಲ್ಲೂ ಒಂದೇ. ತೆರಿಗೆ ಕಟ್ಟಿದ ಮೇಲೆ ಉಳಿಯುವುದು ಮಾತ್ರ ಬೇರೆ. 2017ರ ಮಾರ್ಚ್ 31ರ ನಂತರ ಶುರುವಾದ ವಿದ್ಯುತ್ ಘಟಕಗಳಿಗೆ ಈ ವಿನಾಯಿತಿ ಇಲ್ಲ. ಸಿಪ್ಪೆಯಿಂದ ಕರೆಂಟು ಮಾಡುವ ಹೊಸ ಘಟಕಗಳಿಗೆ ರೇಟು ಏರಿಸುವ ಆ ಆಸೆಯೂ ಈಗ ಹೋಗಿದೆ.

ಇನ್ನೊಂದು ಕಡೆ ರೇಟು ಮೋಸ ಮಾಡುವುದು ಮಾರ್ಚ್ 31ರ ರಾತ್ರಿ. ಕಬ್ಬಿನ ಹಂಗಾಮು ಆ ಹೊತ್ತಿಗೆ ಮುಗಿದಿರುತ್ತದೆ ಅಥವಾ ಮುಗಿಯುತ್ತಿರುತ್ತದೆ, ಡಿಸ್ಟಿಲರಿ ಮಾತ್ರ ಇನ್ನೂ ತಿಂಗಳುಗಟ್ಟಲೆ ನಡೆಯಬೇಕು. ಅಂದರೆ ಪುಸ್ತಕ ಮುಚ್ಚುವ ದಿನವೇ ಟ್ಯಾಂಕು ತುಂಬಿರುತ್ತದೆ. ಟ್ಯಾಂಕಿನ ಮೇಲೆ ಹತ್ತಿ, ಟೇಪು ಇಳಿಬಿಟ್ಟು, ಅಂಟಿಕೊಂಡ ಕಾಕಂಬಿಯ ಗುರುತು ನೋಡಿ ಆಳ ಬರೆದುಕೊಳ್ಳುವ ಕೆಲಸಕ್ಕೆ ನಾನೂ ಆಡಿಟರೂ ಜೊತೆಯಲ್ಲಿ ಹೋಗುತ್ತಿದ್ದೆವು. ಬೇಸಿಗೆಯಲ್ಲಿ ಮೇಲ್ಗಡೆ ನೊರೆ ಕಟ್ಟಿ ಅಳತೆ ಸುಳ್ಳು ಹೇಳುತ್ತದೆ, ಅದು ಬೇರೆ ರಾಮಾಯಣ. ಟ್ಯಾಂಕಿನಲ್ಲಿ 20,000 ಟನ್ ಉಳಿದಿದೆ ಎನ್ನಿ. ಸಕ್ಕರೆ ವಿಭಾಗ ಅದನ್ನು ಆಗಲೇ 10,000ದ ರೇಟಿನಲ್ಲಿ ಡಿಸ್ಟಿಲರಿಗೆ ಕೊಟ್ಟೆನೆಂದು ಬರೆದು 20 ಕೋಟಿ ಜಮಾ ಮಾಡಿಕೊಂಡಿದೆ. ಡಿಸ್ಟಿಲರಿ ಅದನ್ನು 20 ಕೋಟಿಯ ದಾಸ್ತಾನು ಎಂದು ತೋರಿಸಿದೆ. ಹೊರಗಿನವನು ಯಾರೂ ಇನ್ನೂ ಒಂದು ರೂಪಾಯಿ ಕೊಟ್ಟಿಲ್ಲ. ಹೊರಗೆ ಮಾರಿದರೆ ಕೈಗೆ ಬರುವುದು 7,800 ಮಾತ್ರ ಎಂದಾದರೆ, ಟನ್ನಿಗೆ 2,200ರಂತೆ 4 ಕೋಟಿ 40 ಲಕ್ಷ ಲಾಭವನ್ನು ಕಂಪನಿ ತನಗೆ ತಾನೇ ಮಾರಿ ಹುಟ್ಟಿಸಿಕೊಂಡಂತಾಯಿತು. ಇಡೀ ಕಂಪನಿಯ ಲೆಕ್ಕ ಮಾಡುವಾಗ ಇದನ್ನು ಹೊಡೆದುಹಾಕಲೇಬೇಕು. ವಿಭಾಗದ ಪಟ್ಟಿಯಲ್ಲಿ ಅದು ಸಕ್ಕರೆಯ ಲಾಭವಾಗಿ ನಿಂತಿದ್ದರೂ ಒಟ್ಟು ಮೊತ್ತದಲ್ಲಿ ಇರುವಂತಿಲ್ಲ.

ಷೇರುಪೇಟೆಯಲ್ಲಿರುವ ಸಕ್ಕರೆ ಕಂಪನಿಗಳ ಮೂರು ತಿಂಗಳಿನ ಫಲಿತಾಂಶದ ಪತ್ರಿಕೆ ನೋಡುವವರಿಗೆ ಈ ಹೊಡೆದುಹಾಕಿದ ಸಾಲು ಕಾಣುತ್ತದೆ. ಬೆಳಗಾವಿಯ ಶ್ರೀ ರೇಣುಕಾ ಶುಗರ್ಸ್ ಇರಲಿ, ಬೇರೆ ಯಾವುದೇ ಇರಲಿ, ಸಕ್ಕರೆ, ಸಹವಿದ್ಯುತ್, ಡಿಸ್ಟಿಲರಿ ಎಂದು ಸೆಗ್ಮೆಂಟ್‌ವಾರು ಆದಾಯ, ಲಾಭ ಕೊಟ್ಟು, ಕೆಳಗೆ 'ಕಳೆಯಿರಿ: ಸೆಗ್ಮೆಂಟುಗಳ ನಡುವಿನ ಆದಾಯ' ಎಂದು ಒಂದು ಸಾಲು ಇರುತ್ತದೆ. ಆ ಸಾಲಿನ ಮೊತ್ತ ದೊಡ್ಡದಿದ್ದಷ್ಟೂ ಮೇಲಿನ ವಿಭಾಗವಾರು ಲಾಭವನ್ನು ಅನುಮಾನದಿಂದ ನೋಡಬೇಕು ಎಂಬುದು ನನ್ನ ರೂಢಿ. ಒಳಗಿನ ವ್ಯವಹಾರಕ್ಕೆ ಯಾವ ಆಧಾರದ ಮೇಲೆ ಲೆಕ್ಕ ಹಿಡಿದಿದ್ದಾರೆ ಎಂಬುದನ್ನು ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಹೇಳಬೇಕೆಂದು ಇಂಡ್ ಎಎಸ್ 108 ಎಂಬ ಲೆಕ್ಕದ ಮಾನದಂಡ ಕೇಳುತ್ತದೆ. ರೇಟನ್ನೇ ಬರೆಯಿರಿ ಎಂದೇನೂ ಅದು ಕೇಳುವುದಿಲ್ಲ. 'ಮಾರುಕಟ್ಟೆ ಬೆಲೆಯ ಆಧಾರದಲ್ಲಿ' ಎಂಬ ಮೂರು ಶಬ್ದದಲ್ಲಿ ಮುಗಿಸಿದರೂ ನಡೆಯುತ್ತದೆ. ಹಿಂದಿನ ವರ್ಷ ಒಂದು ಆಧಾರ, ಈ ವರ್ಷ ಇನ್ನೊಂದು ಎಂದಿದ್ದರೆ ಅಲ್ಲಿ ನಿಲ್ಲಬೇಕು. ಸಕ್ಕರೆಯ ಲಾಭ ಏರಿ ಡಿಸ್ಟಿಲರಿಯದು ಅಷ್ಟೇ ಇಳಿದು, ಒಟ್ಟು ಇದ್ದಲ್ಲೇ ಇದ್ದರೆ, ಬದಲಾದದ್ದು ಕಾರ್ಖಾನೆಯಲ್ಲ, ಪೆನ್ನು.

ಈ ಪೆನ್ನಿನ ಬಿಸಿ ತಟ್ಟುವ ಇನ್ನೊಬ್ಬರು ಗೇಟಿನ ಹೊರಗೆ ಎತ್ತಿನ ಗಾಡಿ, ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತಿರುತ್ತಾರೆ. ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ 2012ರಲ್ಲಿ ಒಂದು ಸೂತ್ರ ಕೊಟ್ಟಿತು: ಸಕ್ಕರೆ ಮತ್ತು ಅದರ ಮೊದಲ ಹಂತದ ಉಪ ಉತ್ಪನ್ನಗಳ ಮೌಲ್ಯದಲ್ಲಿ ನೂರಕ್ಕೆ 70 ಪಾಲು ಬೆಳೆಗಾರನಿಗೆ ಸೇರಬೇಕು. ಮೊದಲ ಹಂತ ಎಂದರೆ ಕಾಕಂಬಿ, ಸಿಪ್ಪೆ, ಮಡ್ಡಿ. ಎಥೆನಾಲ್ ಅಲ್ಲ, ಕರೆಂಟು ಅಲ್ಲ. ಕರ್ನಾಟಕವೂ 2013ರಲ್ಲಿ ಕಬ್ಬು ಖರೀದಿಗೆ ಕಾಯ್ದೆ ತಂದು ಆದಾಯ ಹಂಚಿಕೆಯ ದಾರಿ ಹಿಡಿಯಿತು. ಕಾಕಂಬಿಯನ್ನು ಹೊರಗೆ ಮಾರುವ ಕಾರ್ಖಾನೆಯಲ್ಲಿ ಅದರ ಮೌಲ್ಯಕ್ಕೆ ಬಿಲ್ಲಿದೆ. ತನ್ನದೇ ಡಿಸ್ಟಿಲರಿಗೆ ಕೊಡುವ ಕಡೆ ಮೌಲ್ಯವೆಂದರೆ ಆ ವೋಚರಿನ ಅಂಕಿ. ನಮ್ಮ ಲೆಕ್ಕದಲ್ಲಿ 4,000ಕ್ಕೆ ಬದಲು 10,000 ಬರೆದರೆ ಕಾಕಂಬಿಯ ಮೌಲ್ಯ 24 ಕೋಟಿ ಏರುತ್ತದೆ, ಅದರ 70 ಪಾಲು 16 ಕೋಟಿ 80 ಲಕ್ಷ. 10 ಲಕ್ಷ ಟನ್ ಕಬ್ಬಿಗೆ ಹಂಚಿದರೆ ಟನ್ನಿಗೆ 168 ರೂಪಾಯಿ.

ಅಷ್ಟೂ ರೈತನ ಕೈಗೆ ಬರುತ್ತಿತ್ತು ಎಂದು ಮಾತ್ರ ಹೇಳಲಾರೆ. 380 ಕೋಟಿಯ ಸಕ್ಕರೆಗೆ 10,000ದ ರೇಟಿನ ಕಾಕಂಬಿ ಸೇರಿಸಿದರೂ 420 ಕೋಟಿ. ಅದರ 70 ಪಾಲು 294 ಕೋಟಿ. ಕೇಂದ್ರ ಗೊತ್ತುಪಡಿಸಿದ ನ್ಯಾಯ ಮತ್ತು ಲಾಭದಾಯಕ ಬೆಲೆಯಲ್ಲೇ 340 ಕೋಟಿ ಕೊಟ್ಟಾಗಿದೆ. ಹಂಚಿಕೆಯ ಪಾಲು ಈ ಬೆಲೆಯನ್ನು ಮೀರಿದ ವರ್ಷ ಮಾತ್ರ ಸೂತ್ರಕ್ಕೆ ಹಲ್ಲು. ಮಿಕ್ಕ ವರ್ಷಗಳಲ್ಲಿ ರೇಟು ಬೇರೆ ರೀತಿ ಕೆಲಸ ಮಾಡುತ್ತದೆ, ಮಾತುಕತೆಯ ಮೇಜಿನ ಮೇಲೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಬೆಳೆಗಾರರು ಟನ್ನಿಗೆ 3,500 ಕೇಳಿ ಧರಣಿ ಕೂತದ್ದು ಎಲ್ಲರಿಗೂ ನೆನಪಿದೆ. ಇಂಥ ಪ್ರತಿಯೊಂದು ಧರಣಿಯಲ್ಲೂ ಕಾರ್ಖಾನೆಯ ಕಡೆಯವರು ಸಕ್ಕರೆಯ ಬೆಲೆ ತೋರಿಸುತ್ತಾರೆ, ಬೆಳೆಗಾರರು ಎಥೆನಾಲ್ ಮತ್ತು ಕರೆಂಟಿನ ಆದಾಯ ಕೇಳುತ್ತಾರೆ. ಅವರೂ ಸುಳ್ಳು ಹೇಳುತ್ತಿಲ್ಲ, ಇವರೂ ಸುಳ್ಳು ಹೇಳುತ್ತಿಲ್ಲ. ಒಂದೇ 36 ಕೋಟಿಯನ್ನು ಬೇರೆ ಬೇರೆ ತುದಿಯಿಂದ ಓದುತ್ತಿದ್ದಾರೆ.

ನಮ್ಮ ಕಾರ್ಖಾನೆಯಲ್ಲೂ ಒಮ್ಮೆ ಅಂಥ ಸಭೆ ನಡೆದಿತ್ತು. ಅಧಿಕಾರಿಗಳು ಸಕ್ಕರೆ ವಿಭಾಗದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಉಳಿಯುವುದು ಏನೇನೂ ಇಲ್ಲ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ, ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ವಯಸ್ಸಾದ ಬೆಳೆಗಾರರೊಬ್ಬರು ಎದ್ದು ನಿಂತರು. "ಎಲ್ಲಾ ಖರೆ ಐತ್ರೀ ಸಾಹೇಬ್ರ. ಕಾಕಂಬಿ ನಿಮ್ಮ ಡಿಸ್ಟಿಲರಿಗೆ ಯಾವ ರೇಟಿಗೆ ಕೊಟ್ಟೀರಿ, ಅದೊಂದು ಹೇಳ್ರಿ."

ಸಾಹೇಬರು ನನ್ನ ಕಡೆ ನೋಡಿದರು. ಫೈಲು ತೆಗೆದು, ಇದ್ದ ರೇಟು ಹೇಳಿದೆ. ಗೇಟಿನ ಟೆಂಡರ್ ಬೆಲೆಗಿಂತ ಅದು ಬಹಳ ಕೆಳಗಿತ್ತು. ಅವರು ಚೀಟಿಯ ಹಿಂಬದಿಯಲ್ಲಿ ಅದನ್ನು ಬರೆದುಕೊಂಡು, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕೂಡುವರೇನೋ ಅಂದುಕೊಂಡೆ. ಕೂಡಲಿಲ್ಲ.

"ಮತ್ತ, ಸಿಪ್ಪೀದು?" ಎಂದರು.